ಶಿರಾ ಹತ್ರ ರಾತ್ರಿ 1.38ಕ್ಕೆ ಬಂದ ಮೆಸೇಜು: ವಿಮಾನ ಕಂಪನಿಗೆ ದಾವಣಗೆರೆಯಿಂದ ಒಂದು ಬಹಿರಂಗ ಪತ್ರ

ಕಸ್ಟಮರ್ ರಿಲೇಷನ್ಸ್ ಮುಖ್ಯಸ್ಥರಿಗೆ ಮತ್ತು ನೋಡಲ್ ಆಫೀಸರ್ ಅವರಿಗೆ,

ನಮಸ್ಕಾರ. ಜುಲೈ ತಿಂಗಳ ಒಂದು ಮಂಗಳವಾರ ಬೆಳಗ್ಗೆ 6.10ಕ್ಕೆ ಬೆಂಗಳೂರಿಂದ ದೆಹಲಿಗೆ ಹೋಗಬೇಕಿದ್ದ ನಿಮ್ಮ ಫ್ಲೈಟು ರದ್ದಾಯ್ತು, ಅದರ ಬಗ್ಗೆ ಈ ಪತ್ರ. ಪಿಎನ್ಆರ್, ಫ್ಲೈಟ್ ನಂಬರ್, ದೂರಿನ ನಂಬರ್ ಎಲ್ಲಾ ನಿಮಗೆ ಕಳಿಸಿರೋ ಇಮೇಲಲ್ಲಿದೆ, ಇಲ್ಲಿ ಹಾಕ್ತಿಲ್ಲ. ನಿಮ್ಮ ಕಂಪನಿ ಹೆಸರೂ ಇಲ್ಲಿ ಬರೀತಿಲ್ಲ. ನನಗೆ ಬೇಕಾಗಿರೋದು ನನ್ನ ದುಡ್ಡು ಮತ್ತೆ ಒಂದು ನೇರವಾದ ಉತ್ತರ. ಇಲ್ಲೀವರೆಗೆ ಆರು ಇಮೇಲ್ ಬರೆದಿದೀನಿ, ಆರಕ್ಕೂ ಅದೇ "ನಿಮ್ಮ ಅನಾನುಕೂಲಕ್ಕೆ ವಿಷಾದಿಸುತ್ತೇವೆ" ಅಂತ ಬಂತು, ಅದಕ್ಕೇ ಈಗ ಎಲ್ಲರೂ ಓದೋ ಹಾಗೆ ಬರೀತಿದೀನಿ. ನಮ್ಮೂರ ಕಡೆಯವರು ಇನ್ನೂ ಯಾರಾದ್ರೂ ಹೀಗೆ ಸಿಕ್ಕಾಕ್ಕೊಂಡಿದ್ರೆ ಅವರಿಗೂ ಲೆಕ್ಕ ಗೊತ್ತಾಗಲಿ ಅಂತಾನೂ ಇದೆ.

ಮೊದಲು ನಾವು ಏರ್‌ಪೋರ್ಟಿಗೆ ಹೆಂಗೆ ಬರ್ತೀವಿ ಅನ್ನೋದನ್ನ ಹೇಳ್ತೀನಿ, ಯಾಕಂದ್ರೆ ಇದು ನಿಮಗೆ ಗೊತ್ತಿಲ್ಲ ಅಂತ ನಿಮ್ಮ ಉತ್ತರಗಳನ್ನ ಓದಿದಾಗ ಅನ್ನಿಸ್ತು. ದಾವಣಗೆರೆಯಲ್ಲಿ ಏರ್‌ಪೋರ್ಟ್ ಇಲ್ಲ, ಚಿತ್ರದುರ್ಗದಲ್ಲೂ ಇಲ್ಲ. ಶಿವಮೊಗ್ಗ 2023ರಲ್ಲಿ ಶುರುವಾಯ್ತು, ಹುಬ್ಬಳ್ಳಿ ಮೊದಲಿಂದ ಇದೆ, ಆದ್ರೆ ನಮಗೆ ಬೇಕಾದ ದಿನಕ್ಕೆ ಬೇಕಾದ ಟೈಮಿಗೆ ದೆಹಲಿಗೆ ಹೋಗಬೇಕು ಅಂದ್ರೆ ಕೊನೆಗೆ ಬೆಂಗಳೂರೇ ಗತಿ. ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು ದಾಟಿ, ಡಾಬಸ್‌ಪೇಟೆ ಹತ್ರ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ. ಹತ್ರ ಹತ್ರ 270 ಕಿಲೋಮೀಟರು, ಐದು ತಾಸು ಇಟ್ಕೊಳ್ಳಲೇಬೇಕು. ಬೆಳಗ್ಗೆ 6.10ರ ಫ್ಲೈಟು ಅಂದ್ರೆ ನಮಗೆ ಹಿಂದಿನ ರಾತ್ರಿ 10.45ಕ್ಕೇ ಪ್ರಯಾಣ ಶುರುವಾಗಿರುತ್ತೆ.

ಮಗಳಿಗೆ ದೆಹಲಿಯ ಒಂದು ಯೂನಿವರ್ಸಿಟಿಯಲ್ಲಿ ಎಂಎಸ್ಸಿ ಸೀಟ್ ಸಿಕ್ಕಿತ್ತು. ಬುಧವಾರ ಬೆಳಗ್ಗೆ 9.30ಕ್ಕೆ ಒರಿಜಿನಲ್ ಮಾರ್ಕ್ಸ್‌ಕಾರ್ಡ್ ತಗೊಂಡು ಖುದ್ದಾಗಿ ಹಾಜರಾಗಬೇಕು, ಬರದಿದ್ರೆ ಸೀಟು ವೇಯ್ಟಿಂಗ್ ಲಿಸ್ಟಿನವರಿಗೆ ಹೋಗುತ್ತೆ ಅಂತ ಲೆಟರಲ್ಲೇ ಬರೆದಿದ್ರು. ಒಂದು ದಿನ ಮೊದಲೇ ತಲುಪಿಬಿಡೋಣ ಅಂತ ಮಂಗಳವಾರ ಬೆಳಗ್ಗೆಯ ನಿಮ್ಮ ಫ್ಲೈಟಿಗೆ ಎರಡು ಟಿಕೆಟ್ ಮಾಡಿಸಿದ್ವಿ, ತಿಂಗಳು ಮುಂಚೆ, ಇಲ್ಲಿ ಜಯದೇವ ಸರ್ಕಲ್ ಹತ್ರದ ಟ್ರಾವೆಲ್ ಏಜೆಂಟ್ ಕಡೆಯಿಂದ. ಇಡೀ ಒಂದು ದಿನ ಕೈಯಲ್ಲಿ ಇಟ್ಕೊಂಡೇ ಹೊರಟೋರು ನಾವು.

ಶಿರಾ ದಾಟಿ ಸ್ವಲ್ಪ ಮುಂದೆ ಹೈವೇ ಪಕ್ಕ ಟೀಗೆ ನಿಲ್ಲಿಸಿದ್ವಿ. ಡ್ರೈವರ್ ಮುಖ ತೊಳ್ಕೊಂಡು ಬರ್ತೀನಿ ಸರ್ ಅಂತ ಹೋದ. ಗ್ಲಾಸು ಇನ್ನೂ ಬಿಸಿ ಇತ್ತು, ಹಿಡಿಯೋಕಾಗದೆ ಕಾರಿನ ಬಾನೆಟ್ ಮೇಲಿಟ್ಟು ಫೋನ್ ನೋಡಿದೆ. 1.38. "ಆಪರೇಷನಲ್ ಕಾರಣಗಳಿಂದ" ನಿಮ್ಮ ಫ್ಲೈಟ್ ರದ್ದಾಗಿದೆ, ಬದಲಾಯಿಸಿಕೊಳ್ಳೋಕೆ ಅಥವಾ ರಿಫಂಡಿಗೆ ಈ ಲಿಂಕ್ ಒತ್ತಿ ಅಂತ. ಮಗಳು ಹಿಂದಿನ ಸೀಟಲ್ಲಿ ಫೈಲು ಎದೆಗೆ ಅವಚಿಕೊಂಡೇ ನಿದ್ದೆ ಮಾಡ್ತಿದ್ಲು. ಎಬ್ಬಿಸಬೇಕೋ ಬೇಡ್ವೋ ಅಂತ ಒಂದೆರಡು ನಿಮಿಷ ಹಂಗೇ ನಿಂತಿದ್ದೆ. ಲಿಂಕ್ ಒತ್ತಿದ್ರೆ ಬಿಳಿ ಪೇಜು, ಮಧ್ಯೆ ಒಂದು ಸುತ್ತೋ ಚಕ್ರ. ನಾಲ್ಕು ಸಲ ಒತ್ತಿದೆ, ನಾಲ್ಕು ಸಲವೂ ಅದೇ. ಕಸ್ಟಮರ್ ಕೇರಿಗೆ ಫೋನ್ ಮಾಡಿ ಇಪ್ಪತ್ತೆರಡು ನಿಮಿಷ ಮ್ಯೂಸಿಕ್ ಕೇಳಿಸ್ಕೊಂಡೆ, ಆಮೇಲೆ ಕಟ್ ಆಯ್ತು. ವಾಪಸ್ ದಾವಣಗೆರೆಗೆ ತಿರುಗಿಸೋದಾ ಮುಂದೆ ಹೋಗೋದಾ? ಕೌಂಟರಲ್ಲಿ ಮನುಷ್ಯರಿರ್ತಾರಲ್ಲ, ಏನಾದ್ರೂ ಮಾಡಿಕೊಡ್ತಾರೆ ಅಂತ ಮುಂದೇ ಹೋದ್ವಿ.

4.15ಕ್ಕೆ ನಿಮ್ಮ ಕೌಂಟರ್ ಮುಂದೆ ಆಗಲೇ ನಲವತ್ತು ಐವತ್ತು ಜನ. ಅಲ್ಲಿದ್ದ ಹುಡುಗಿ ಮೇಲೆ ನನಗೆ ಒಂದು ಚೂರೂ ಸಿಟ್ಟಿಲ್ಲ, ಇದನ್ನ ಒತ್ತಿ ಹೇಳ್ತೀನಿ, ಅಷ್ಟು ಜನ ಕೂಗಾಡ್ತಿದ್ರೂ ಪಾಪ ಒಬ್ಬೊಬ್ಬರಿಗೂ ಸಮಾಧಾನವಾಗೇ ಮಾತಾಡ್ತಿದ್ಲು. ಆದ್ರೆ ಅವಳ ಕೈಯಲ್ಲಿ ನೀವು ಕೊಟ್ಟಿದ್ದು ಎರಡೇ, ನಾಳೆ ಬೆಳಗ್ಗೆ 6.10ರ ಫ್ಲೈಟು ಇಲ್ಲಾ ರಿಫಂಡು. ನಾಳೆ 6.10ಕ್ಕೆ ಹೊರಟ್ರೆ ದೆಹಲಿಯಲ್ಲಿ ಇಳಿಯೋದೇ 9 ಗಂಟೆ, 9.30ಕ್ಕೆ ಕ್ಯಾಂಪಸ್‌ನಲ್ಲಿ ಇರೋಕೆ ಆಗಲ್ಲ. ಲೆಟರ್ ತೋರಿಸಿ ಕೇಳಿದೆ, ಇವತ್ತು ಸಂಜೆ 7ಕ್ಕೆ ನಿಮ್ಮದೇ ಇನ್ನೊಂದು ಫ್ಲೈಟ್ ಇದೆಯಲ್ಲಮ್ಮ ಅದರಲ್ಲಿ ಹಾಕಿಕೊಡಿ ಅಂತ. "ಸರ್ ಅದು ಫುಲ್ ಆಗಿದೆ" ಅಂದ್ಲು. ಬೇರೆ ಕಂಪನಿ ಫ್ಲೈಟಲ್ಲಾದ್ರೂ ಕಳಿಸಿ ಅಂದೆ. "ನಮಗೆ ಆ ಪರ್ಮಿಷನ್ ಇಲ್ಲ ಸರ್."

ಸರಿ ಅಂತ ಪಕ್ಕಕ್ಕೆ ಬಂದು ನಿಂತಾಗ ಮಗಳು ಮೊಬೈಲ್ ತಂದು ತೋರಿಸಿದ್ಲು. "ಅಪ್ಪಾಜಿ, ಇವರ ಸೈಟಲ್ಲೇ ಸಂಜೆ ಫ್ಲೈಟಿಗೆ ಸೀಟ್ ಇದೆ ನೋಡಿ, 15,200." ಬೆಳಗ್ಗೆ 5.06ರ ಸ್ಕ್ರೀನ್‌ಶಾಟ್ ಅದು, ನಿಮಗೆ ಕಳಿಸಿದೀನಿ. ಫುಲ್ ಆಗಿದೆ ಅಂತ ಕೌಂಟರಲ್ಲಿ ಹೇಳಿದ ಅದೇ ಫ್ಲೈಟು ಅದು. ಅಂದ್ರೆ ಹೊಸದಾಗಿ ದುಡ್ಡು ಕೊಡೋರಿಗೆ ಸೀಟಿತ್ತು, ತಿಂಗಳ ಮೊದಲೇ ದುಡ್ಡು ಕೊಟ್ಟು ನೀವೇ ರದ್ದು ಮಾಡಿದ್ರಿಂದ ಅಲ್ಲಿ ನಿಂತಿದ್ದ ನಮಗೆ ಇರಲಿಲ್ಲ. ಆರು ಇಮೇಲಲ್ಲೂ ಈ ಒಂದು ಪ್ರಶ್ನೆ ಕೇಳಿದೀನಿ, ಒಂದಕ್ಕೂ ನೀವು ಇದನ್ನ ಮುಟ್ಟಿಲ್ಲ. ಮತ್ತೆ ಕೇಳ್ತಿದೀನಿ. ಆ ಸೀಟು ನಮಗೆ ಯಾಕೆ ಕೊಡಲಿಲ್ಲ?

ಕೊನೆಗೆ ಬೇರೆ ಕಂಪನಿಯ 11.30ರ ಫ್ಲೈಟಿಗೆ ತಲಾ 14,300ರಂತೆ ಎರಡು ಟಿಕೆಟ್ ತಗೊಂಡ್ವಿ, 28,600. ಆ ಹೊತ್ತಲ್ಲಿ ಆ ದಿನಕ್ಕೆ ಸಿಗೋದ್ರಲ್ಲಿ ಅದೇ ಕಡಿಮೆ, ಅದರ ಲಿಸ್ಟಿನ ಸ್ಕ್ರೀನ್‌ಶಾಟೂ ತೆಗೆದಿಟ್ಟಿದೀವಿ. ಸಾಲ ಮಾಡಿ ಏನೂ ಹೋಗಲಿಲ್ಲ, ಆದ್ರೆ ಮಂಡಿಪೇಟೆಯಲ್ಲಿ ಸಣ್ಣ ಹಾರ್ಡ್‌ವೇರ್ ಅಂಗಡಿ ಇಟ್ಕೊಂಡಿರೋನಿಗೆ ನಿಂತ ನಿಲುವಲ್ಲಿ 28,600 ಅಂದ್ರೆ ಆ ವಾರ ಸಪ್ಲೈಯರಿಗೆ ಕೊಡಬೇಕಾದ ದುಡ್ಡು. ಬುಧವಾರ ಮಗಳ ವೆರಿಫಿಕೇಷನ್ ಆಯ್ತು, ಸೀಟು ಉಳೀತು.

ಈಗ ದುಡ್ಡಿನ ವಿಷಯಕ್ಕೆ ಬರ್ತೀನಿ. ನೀವು ಪ್ರತಿ ಉತ್ತರದಲ್ಲೂ "ರಿಫಂಡ್ ಪ್ರೊಸೆಸ್ ಆಗಿದೆ, ಆದ್ದರಿಂದ ಪ್ರಕರಣ ಮುಕ್ತಾಯ" ಅಂತೀರಿ. ಆದ್ರೆ ನಾನು ಕೇಳ್ತಿರೋದು ಮೂರು ಬೇರೆ ಬೇರೆ ದುಡ್ಡು. ನನ್ನ ಟಿಕೆಟ್ ದುಡ್ಡು ವಾಪಸ್ ಬರಬೇಕಾದ್ದು ಒಂದು. ಲೇಟಾಗಿ ಹೇಳಿದ್ದಕ್ಕೆ, ವಿಮಾನ ಕಂಪನಿಗಳ ಮೇಲೆ ನಿಗಾ ಇಡೋ ಕೇಂದ್ರ ಸರ್ಕಾರದ ಡಿಜಿಸಿಎ ನಿಯಮದಲ್ಲಿ ಇರೋ ಪರಿಹಾರ ಇನ್ನೊಂದು. ನಿಮ್ಮಿಂದ ನನ್ನ ಕೈಯಿಂದ ಹೆಚ್ಚಿಗೆ ಹೋದ ಖರ್ಚು ಮೂರನೇದು. ಒಂದು ಕೊಟ್ಟರೆ ಇನ್ನೆರಡು ಮುಗಿಯಲ್ಲ. ಅದರಲ್ಲೂ ನೀವು ಆ ಒಂದನ್ನೇ ಪೂರ್ತಿ ಕೊಟ್ಟಿಲ್ಲ.

ರಿಫಂಡಿಂದಾನೇ ಶುರು ಮಾಡ್ತೀನಿ. ಟಿಕೆಟ್ ತಲಾ 6,280, ಅದರಲ್ಲಿ ಬೇಸ್ ಫೇರ್ 5,120, ಉಳಿದಿದ್ದು ಟ್ಯಾಕ್ಸು ಮತ್ತೆ ಏರ್‌ಪೋರ್ಟಿನ ಚಾರ್ಜುಗಳು. ಇಬ್ಬರಿಗೆ 12,560. ಸೀಟ್ ಆರಿಸ್ಕೊಂಡಿದ್ದಕ್ಕೆ ತಲಾ 300ರಂತೆ 600. ಏಜೆಂಟ್ ಸರ್ವಿಸ್ ಚಾರ್ಜ್ 400 ಬೇರೆ ಇತ್ತು, ಅದನ್ನ ನಿಮ್ಮ ಹತ್ರ ಕೇಳ್ತಿಲ್ಲ, ಅವರು ಅವರ ಕೆಲಸ ಮಾಡಿದಾರೆ. ಅಲ್ಲಿಗೆ ನಿಮ್ಮಿಂದ ಬರಬೇಕಾದ್ದು 13,160. ಬಂದಿದ್ದು 5,560, ಅದೂ ಹತ್ತೊಂಬತ್ತು ದಿನ ಆದಮೇಲೆ ಏಜೆಂಟ್ ಅಕೌಂಟಿಗೆ, ಅವರು ಅದೇ ಸಂಜೆ ನನಗೆ ಹಾಕಿದ್ರು. ಉಳಿದಿದ್ದೆಲ್ಲಿ ಅಂತ ಕೇಳಿದ್ರೆ ತಲಾ 3,500 ಕ್ಯಾನ್ಸಲೇಷನ್ ಚಾರ್ಜ್ ಹಿಡಿದಿದೀವಿ, ಸೀಟಿನ ದುಡ್ಡು ವಾಪಸ್ ಬರಲ್ಲ, ಯಾಕಂದ್ರೆ "ಪ್ರಯಾಣಿಕರೇ ಸ್ವಇಚ್ಛೆಯಿಂದ ಟಿಕೆಟ್ ರದ್ದು ಮಾಡಿದ್ದಾರೆ" ಅಂತ ಬರೆದಿದೀರಿ.

ಇದನ್ನ ಓದಿ ಆ ದಿನ ಊಟ ಸೇರಲಿಲ್ಲ ನನಗೆ. ಆಗಿದ್ದು ಇಷ್ಟೇ, ಮೆಸೇಜಿನ ಲಿಂಕು ಓಪನ್ ಆಗದೇ ಇದ್ದಾಗ ಕೌಂಟರಲ್ಲಿ ರಿಫಂಡ್ ಬೇಕಿದ್ರೆ ಆ್ಯಪಲ್ಲೇ ಮಾಡ್ಕೊಳ್ಳಿ ಸರ್ ಅಂದ್ರು, ಮಗಳು 5.20ರ ಸುಮಾರಿಗೆ ಆ್ಯಪಿಗೆ ಹೋಗಿ ಬುಕಿಂಗ್ ತೆಗೆದು ಕ್ಯಾನ್ಸಲ್ ಅನ್ನೋದನ್ನ ಒತ್ತಿದ್ಲು. ನಿಮ್ಮ ಆ್ಯಪಲ್ಲಿ ಆ ದಾರೀಲಿ ಹೋದ್ರೆ ಅದು ಪ್ಯಾಸೆಂಜರ್ ತಾನಾಗೇ ಮಾಡೋ ಕ್ಯಾನ್ಸಲ್ ಅಂತ ಲೆಕ್ಕ, ಕಂಪನಿ ರದ್ದು ಮಾಡಿದ್ದಕ್ಕೆ ರಿಫಂಡ್ ಕೇಳೋ ಪೇಜೇ ಬೇರೆ ಇದೆಯಂತೆ, ಅದು ಆ ಮೆಸೇಜಿನ ಲಿಂಕಿಂದ ಮಾತ್ರ ಓಪನ್ ಆಗೋದಂತೆ. ಇದು ನಮಗೆ ಗೊತ್ತಾಗಿದ್ದು ಒಂದು ತಿಂಗಳ ಮೇಲೆ. 1.38ಕ್ಕೆ ನೀವೇ ರದ್ದಾಗಿದೆ ಅಂತ ಬರೆದು ಕಳಿಸಿದ ಫ್ಲೈಟನ್ನ 5.20ಕ್ಕೆ ನಾವು ಹೆಂಗೆ ರದ್ದು ಮಾಡೋಕಾಗುತ್ತೆ? ಆ ಹೊತ್ತಿಗೆ ರದ್ದು ಮಾಡೋಕೆ ಅಲ್ಲಿ ಫ್ಲೈಟೇ ಇರಲಿಲ್ಲವಲ್ಲ. ನನ್ನ ಅಂಗಡೀಲಿ ಒಬ್ಬರು ನಲ್ಲಿ ಸೆಟ್ಟಿಗೆ ಅಡ್ವಾನ್ಸ್ ಕೊಟ್ಟಿರ್ತಾರೆ, ಮಾಲು ಬರಲಿಲ್ಲ ಅಂದ್ರೆ ಪೂರ್ತಿ ಅಡ್ವಾನ್ಸ್ ವಾಪಸ್ ಕೊಡ್ತೀನಿ, ನೀವು ಬಂದು ಕೇಳಿದ್ರಿಂದ ನೀವೇ ಬಿಟ್ಟಂಗಾಯ್ತು ಅಂತ ಹಿಡ್ಕೊಳ್ಳಲ್ಲ.

ಓದ್ತಿರೋರಿಗೆ ಇಲ್ಲೊಂದು ಮಾತು. ಕಂಪನಿಯೇ ರದ್ದು ಮಾಡಿದಾಗ ನೀವು ಯಾವ ಬಟನ್ ಒತ್ತೋಕೂ ಮುಂಚೆ ಆ ಪೇಜಲ್ಲಿ ಕ್ಯಾನ್ಸಲೇಷನ್ ಫೀ ಅಂತ ಒಂದು ಸಾಲು, ಅದರ ಮುಂದೆ ಒಂದು ಮೊತ್ತ ಇದೆಯಾ ನೋಡ್ರಿ. ಇದ್ರೆ ನೀವು ತಪ್ಪು ದಾರೀಲಿದೀರಿ ಅಂತಾನೇ ಅರ್ಥ, ಅಲ್ಲಿಂದ ವಾಪಸ್ ಬನ್ನಿ. ಲಿಂಕ್ ಓಪನ್ ಆಗದಿದ್ರೆ ಅದರದ್ದೂ ಸ್ಕ್ರೀನ್‌ಶಾಟ್ ತಗೊಂಡು, "ಫ್ಲೈಟ್ ನೀವು ರದ್ದು ಮಾಡಿದೀರಿ, ನನಗೆ ಪೂರ್ತಿ ರಿಫಂಡ್ ಬೇಕು" ಅಂತ ಇಮೇಲಲ್ಲಿ ಬರೆದುಬಿಡ್ರಿ. ಕೌಂಟರಲ್ಲಿ ಕೇಳಿದ್ರೆ ಫ್ಲೈಟ್ ರದ್ದಾಗಿದೆ ಅಂತ ಒಂದು ಸರ್ಟಿಫಿಕೇಟೂ ಕೊಡ್ತಾರೆ, ನಾನು ಕೇಳಿ ಇಸ್ಕೊಂಡಿದ್ದೆ, ಈಗ ಅದೇ ನನ್ನ ಕೈಲಿರೋ ಗಟ್ಟಿ ಕಾಗದ.

ಇನ್ನೊಂದು ನಿಮ್ಮ ಉತ್ತರದಲ್ಲಿತ್ತು, ಏಜೆಂಟ್ ಮೂಲಕ ಬುಕ್ ಆಗಿರೋದ್ರಿಂದ ಅವರನ್ನೇ ಸಂಪರ್ಕಿಸಿ ಅಂತ. ರಿಫಂಡ್ ಬಗ್ಗೆ ಡಿಜಿಸಿಎಯ ನಿಯಮ ಸೆಕ್ಷನ್ 3, ಸೀರೀಸ್ ಎಂ, ಪಾರ್ಟ್ 2. ಏಜೆಂಟು ಕಂಪನಿ ನೇಮಿಸಿದ ಪ್ರತಿನಿಧಿ, ಹಾಗಾಗಿ ಅಂಥ ಟಿಕೆಟ್ಟಿನ ರಿಫಂಡ್ ಜವಾಬ್ದಾರಿ ಕಂಪನಿಯದ್ದೇ ಅಂತ ಅದರಲ್ಲೇ ಇದೆ. ಉಳಿದ ದುಡ್ಡಿಗೆ ಮುಂದಿನ ಪ್ರಯಾಣಕ್ಕೆ ಬಳಸಬಹುದಾದ ಕ್ರೆಡಿಟ್ ಕೊಡ್ತೀವಿ ಅಂತ ಒಂದು ಫೋನಲ್ಲಿ ಹೇಳಿದ್ರಿ, ಅದೂ ಬೇಡ. ಕ್ರೆಡಿಟ್ಟಾಗಿ ಇಟ್ಕೊಳ್ಳೋದು ಬಿಡೋದು ಪ್ರಯಾಣಿಕರ ಇಷ್ಟ, ಕಂಪನಿ ತಾನಾಗೇ ಹಂಗೆ ಮಾಡೋ ಹಂಗಿಲ್ಲ ಅಂತ ಅದೇ ನಿಯಮ ಹೇಳುತ್ತೆ. ನಾನು ವರ್ಷಕ್ಕೊಂದು ಸಲ ಫ್ಲೈಟ್ ಹತ್ತಿದ್ರೆ ಹೆಚ್ಚು, ನನಗೆ ದುಡ್ಡು ದುಡ್ಡಾಗೇ ಬೇಕು. ಬಾಕಿ 7,600.

ಎರಡನೇದು ಪರಿಹಾರ. ಇದು ಅದೇ ಸೀರೀಸಿನ ಪಾರ್ಟ್ 4ರಲ್ಲಿದೆ. ಎರಡು ವಾರ ಮೊದಲೇ ಹೇಳಿದ್ರೆ ಬೇರೆ ಫ್ಲೈಟ್ ಅಥವಾ ರಿಫಂಡ್, ಪ್ರಯಾಣಿಕರು ಒಪ್ಪೋ ಹಂಗೆ. ಎರಡು ವಾರಕ್ಕಿಂತ ಕಮ್ಮಿ ಆದ್ರೆ ಹೊರಡೋಕೆ 24 ತಾಸು ಮುಂಚೆಯಾದ್ರೂ ಹೇಳಿದ್ರೆ, ಮೊದಲಿನ ಟೈಮಿಂದ ಎರಡು ತಾಸೊಳಗೆ ಹೊರಡೋ ಬೇರೆ ಫ್ಲೈಟ್ ಕೊಡಬೇಕು ಅಥವಾ ರಿಫಂಡ್. ಅಷ್ಟೂ ಮಾಡದಿದ್ರೆ ರಿಫಂಡ್ ಅಥವಾ ಬೇರೆ ಫ್ಲೈಟಿನ ಜೊತೆಗೆ ಪರಿಹಾರಾನೂ ಕೊಡಬೇಕು. "ಜೊತೆಗೆ" ಅನ್ನೋದನ್ನ ಗಮನಿಸಿ. ಒಂದು ತಾಸಿನೊಳಗಿನ ಹಾರಾಟಕ್ಕೆ 5,000, ಒಂದರಿಂದ ಎರಡು ತಾಸಿಗೆ 7,500, ಎರಡು ತಾಸು ಮೀರಿದ್ರೆ 10,000, ಆದ್ರೆ ಅದು ಇಲ್ಲವೇ ಟಿಕೆಟ್ಟಿನ ಬೇಸ್ ಫೇರ್ ಮತ್ತು ಫ್ಯೂಯಲ್ ಚಾರ್ಜ್ ಸೇರಿದ ಮೊತ್ತ, ಎರಡರಲ್ಲಿ ಯಾವುದು ಕಮ್ಮಿಯೋ ಅದು. ಎಲ್ಲರೂ ಹತ್ತು ಸಾವಿರ ಬರುತ್ತೆ ಅಂತ ಹೇಳ್ತಾರೆ, ಈ "ಕಮ್ಮಿಯೋ ಅದು" ಅನ್ನೋದನ್ನ ಬಿಟ್ಟುಬಿಡ್ತಾರೆ. ಬೆಂಗಳೂರು ದೆಹಲಿ ಎರಡು ತಾಸು ಮೀರುತ್ತೆ, ನನ್ನ ಟಿಕೆಟಲ್ಲಿ ಫ್ಯೂಯಲ್ ಚಾರ್ಜ್ ಅಂತ ಬೇರೆ ಇಲ್ಲ, ಬೇಸ್ ಫೇರ್ 5,120. ಹಾಗಾಗಿ ನಾನು ಕೇಳ್ತಿರೋದು ತಲಾ 5,120, ಇಬ್ಬರಿಗೆ 10,240. ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಈ ಲೆಕ್ಕದಲ್ಲಿ ಕೇಳ್ತಿಲ್ಲ. ನೀವು ಹೇಳಿದ್ದು 24 ತಾಸು ಮುಂಚೆ ಅಲ್ಲ, ನಾಲ್ಕೂವರೆ ತಾಸು ಮುಂಚೆ.

ಫ್ಲೈಟ್ ರದ್ದಾಗಿದ್ದಕ್ಕೆ ನೀವು ಕೊಟ್ಟ ಕಾರಣ ಮಧ್ಯದಲ್ಲಿ ಬದಲಾಯ್ತು. ಮೆಸೇಜಲ್ಲಿ "ಆಪರೇಷನಲ್". ಸರ್ಟಿಫಿಕೇಟಲ್ಲೂ ಅದೇ. ನಾನು ಪರಿಹಾರ ಕೇಳಿದ ಮೇಲೆ ನಾಲ್ಕನೇ ಇಮೇಲಲ್ಲಿ ಇದ್ದಕ್ಕಿದ್ದಂಗೆ "ಪ್ರತಿಕೂಲ ಹವಾಮಾನ" ಅಂತ ಬಂತು. ಯಾಕೆ ಅಂತ ನಿಯಮ ಓದಿದಾಗ ಗೊತ್ತಾಯ್ತು. ಹವಾಮಾನ, ಏರ್ ಟ್ರಾಫಿಕ್ ಕಂಟ್ರೋಲು, ಭದ್ರತೆ, ಪ್ರವಾಹ, ಗಲಭೆ, ಮುಷ್ಕರ, ಇಂಥ ಕಂಪನಿಯ ಕೈಮೀರಿದ ಕಾರಣ ಇದ್ರೆ ಪರಿಹಾರ ಕೊಡಬೇಕಿಲ್ಲ ಅಂತಿದೆ. ಅದು ನ್ಯಾಯಾನೇ, ಮಂಜು ಬಿದ್ರೆ ನೀವೇನು ಮಾಡ್ತೀರಿ, ಜೀವಕ್ಕಿಂತ ಹೆಚ್ಚು ಯಾವುದೂ ಇಲ್ಲ. ಆದ್ರೆ ಅವತ್ತು ಬೆಳಗ್ಗೆ ಎಂಟರೊಳಗೆ ಬೇರೆ ಕಂಪನಿಗಳ ದೆಹಲಿ ಫ್ಲೈಟು ಮೂರು ಹೋಗಿದ್ದನ್ನ ನಾವೇ ಬೋರ್ಡಲ್ಲಿ ನೋಡಿದೀವಿ, ಫೋಟೋ ಇದೆ. ಏರ್‌ಪೋರ್ಟುಗಳ ಹವಾಮಾನದ ವರದಿ ಮೆಟಾರ್ ಅಂತ ಇರುತ್ತೆ, ದೊಡ್ಡ ಏರ್‌ಪೋರ್ಟಲ್ಲಿ ಅರ್ಧ ತಾಸಿಗೊಂದು ಬರುತ್ತೆ, ಹಳೇದೂ ಆನ್‌ಲೈನಲ್ಲಿ ಸಿಗುತ್ತೆ. ಬೆಂಗಳೂರಿಗೆ VOBL, ದೆಹಲಿಗೆ VIDP ಅಂತ ಕೋಡು, ಟೈಮು ನಮ್ಮ ಗಡಿಯಾರದ್ದಲ್ಲ, ಅದಕ್ಕೆ ಐದೂವರೆ ತಾಸು ಕೂಡಿಸ್ಕೋಬೇಕು. ಅದರಲ್ಲಿ ನಾಲ್ಕಂಕಿಯ ಒಂದು ಸಂಖ್ಯೆ ಎಷ್ಟು ಮೀಟರ್ ದೂರ ಕಣ್ಣಿಗೆ ಕಾಣ್ತಿದೆ ಅಂತ ಹೇಳುತ್ತೆ. ಮಗಳು ಫಿಸಿಕ್ಸ್ ಓದೋಳು, ಕೂತ್ಕೊಂಡು ಆ ರಾತ್ರಿ 1ರಿಂದ ಬೆಳಗ್ಗೆ 9ರವರೆಗಿನ ಎರಡೂ ಊರಿನ ವರದಿ ಎಲ್ಲಾ ತೆಗೆದ್ಲು. 4000 ಮೀಟರಿಗಿಂತ ಕಮ್ಮಿ ಒಂದು ಸಲವೂ ಇಲ್ಲ, ಗುಡುಗು ಮಿಂಚಿನ ಗುರುತೂ ಇಲ್ಲ. ನಿಮ್ಮ ಹತ್ರ ಬೇರೆ ದಾಖಲೆ ಇದ್ರೆ ಕೊಡಿ, ನೋಡಿ ಸರಿ ಅನ್ನಿಸಿದ್ರೆ ಈ 10,240ನ್ನ ನಾನೇ ಬಿಟ್ಟುಕೊಡ್ತೀನಿ. ಆದ್ರೆ ಹವಾಮಾನದ ಕಾರಣ ಇದ್ರೂ ತಪ್ಪೋದು ಪರಿಹಾರ ಮಾತ್ರ, ರಿಫಂಡ್ ತಪ್ಪಲ್ಲ. ಅದನ್ನೂ ಇದರ ಜೊತೆ ಸೇರಿಸಿ ಮುಚ್ಚಿಹಾಕಬೇಡಿ.

ಇದೇ ನಿಯಮದಲ್ಲಿ ಇನ್ನೊಂದು ಸಾಲಿದೆ, ನಮ್ಮೂರ ಕಡೆ ಇದರಲ್ಲಿ ಬಹಳ ಜನ ಬೀಳ್ತಾರೆ. ಬುಕಿಂಗ್ ಮಾಡುವಾಗ ಪ್ರಯಾಣಿಕರು ಸರಿಯಾದ ಕಾಂಟ್ಯಾಕ್ಟ್ ಕೊಟ್ಟಿರದಿದ್ರೆ ಪರಿಹಾರ ಇಲ್ಲ ಅಂತ. ಏಜೆಂಟ್ ಹತ್ರ ಮಾಡಿಸಿದಾಗ ಎಷ್ಟೋ ಸಲ ಅವರದ್ದೇ ಮೊಬೈಲ್ ನಂಬರ್ ಹಾಕಿರ್ತಾರೆ, ರದ್ದಾದ ಮೆಸೇಜು ರಾತ್ರಿ ಮಲಗಿರೋ ಏಜೆಂಟಿಗೆ ಹೋಗಿರುತ್ತೆ, ನಾವು ಏರ್‌ಪೋರ್ಟಲ್ಲಿ ಬಾಯಿಬಿಟ್ಟುಕೊಂಡು ನಿಂತಿರ್ತೀವಿ. ನಾನು ಹೋದ ಸಲ ಹಂಗೆ ಪೆಟ್ಟು ತಿಂದಿದ್ದಕ್ಕೆ ಈ ಸಲ ಎದುರಿಗೆ ಕೂತು ನನ್ನ ನಂಬರ್ ಹಾಕಿಸಿದ್ದೆ. ಮೆಸೇಜ್ ನನಗೇ ಬಂದಿದೆ, ಹಾಗಾಗಿ ಆ ದಾರೀನೂ ನಿಮಗಿಲ್ಲ.

ಮೂರನೇದು ಮೇಲ್ಖರ್ಚು. ಹೊಸ ಟಿಕೆಟ್ 28,600 ಆಯ್ತು ಅಂದೆ. ಅಷ್ಟನ್ನೂ ಕೊಡಿ ಅಂತ ಕೇಳಿದ್ರೆ ಅದು ನನ್ನ ತಪ್ಪಾಗುತ್ತೆ. ಹಳೇ ಟಿಕೆಟಿನ 12,560 ರಿಫಂಡಾಗಿ ಕೇಳ್ತಿದೀನಿ, ಅದರ ಮೇಲೆ ಹೊಸದ್ದನ್ನೂ ಪೂರ್ತಿ ತಗೊಂಡ್ರೆ ನಿಮ್ಮ ದುಡ್ಡಲ್ಲಿ ದೆಹಲಿಗೆ ಪುಕ್ಕಟೆ ಹೋದಂಗಾಗುತ್ತೆ. ನಾನು ಹೆಂಗಿದ್ರೂ 12,560 ಖರ್ಚು ಮಾಡಿ ಹೋಗೋನೇ ಇದ್ದೆ. ಹೆಚ್ಚಿಗೆ ಹೋಗಿದ್ದು ವ್ಯತ್ಯಾಸ ಮಾತ್ರ, 16,040. ದಾವಣಗೆರೆಯಿಂದ ಕಾರಿನ ಬಾಡಿಗೆನೂ ಕೇಳ್ತಿಲ್ಲ, ಅದು ಹೆಂಗೂ ಇತ್ತು. ಏನಾಗುತ್ತೋ ಗೊತ್ತಿಲ್ಲದೆ ಡ್ರೈವರನ್ನ ಆರು ಗಂಟೆವರೆಗೆ ನಿಲ್ಲಿಸಿಕೊಂಡಿದ್ದಕ್ಕೆ ವೇಯ್ಟಿಂಗ್ 900 ಕೊಟ್ಟೆ, ಯುಪಿಐ ರಸೀದಿ ಇದೆ. ಬೆಳಗ್ಗೆ 4.15ರಿಂದ 11.30ರವರೆಗೆ ಅಲ್ಲೇ ಇದ್ವಿ, ಇಬ್ಬರ ತಿಂಡಿ ಕಾಫಿ 780, ಬಿಲ್ಲಿದೆ. ಏರ್‌ಪೋರ್ಟಿಗೆ ಬಂದು ಬೇರೆ ಫ್ಲೈಟಿಗೆ ಕಾಯೋರಿಗೆ ಊಟ ತಿಂಡಿ ಕೊಡಬೇಕು ಅಂತ ನಿಯಮ ಇದೆ, ನಿಮ್ಮ ಕಡೆಯಿಂದ ಒಂದು ಬಾಟಲಿ ನೀರೂ ಬರಲಿಲ್ಲ. ನಾವು ಕಾಯ್ತಿದ್ದದ್ದು ನಿಮ್ಮ ಫ್ಲೈಟಿಗಲ್ಲವಲ್ಲ ಅಂತ ನೀವು ವಾದ ಮಾಡಬಹುದು, ನೀವು ಕೊಡದಿದ್ದಕ್ಕೇ ತಾನೇ ಬೇರೆಯವರದ್ದಕ್ಕೆ ಕಾದಿದ್ದು. ಎಲ್ಲಾ ಸೇರಿ 17,720.

ಈ ಮೂರನೇದನ್ನ ಕೊಡಲೇಬೇಕು ಅಂತ ಡಿಜಿಸಿಎ ನಿಯಮದಲ್ಲಿ ನೇರವಾಗಿಲ್ಲ, ಅದು ನನಗೂ ಗೊತ್ತಿದೆ. ಇದನ್ನ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಸೇವೆಯ ನ್ಯೂನತೆ ಅಂತ ಕೇಳ್ತಿದೀನಿ. ಫ್ಲೈಟ್ ರದ್ದಾಗಿದ್ದಷ್ಟೇ ನ್ಯೂನತೆ ಅನ್ನಲ್ಲ. ಸಂಜೆ ಫ್ಲೈಟಲ್ಲಿ ಸೀಟು ಇಟ್ಕೊಂಡು, ಅದನ್ನ ಮಾರ್ತಾ, ಫುಲ್ ಅಂತ ಹೇಳಿದ್ದು ನ್ಯೂನತೆ. ಆ ಸೀಟು ಕೊಟ್ಟಿದ್ರೆ ಈ 16,040 ಹೋಗ್ತಾನೇ ಇರಲಿಲ್ಲ, ನಾವು ಸಂಜೆವರೆಗೆ ಅಲ್ಲೇ ಬೆಂಚಲ್ಲಿ ಕೂತಿರ್ತಿದ್ವಿ.

ಒಟ್ಟು ಹಿಂಗಾಯ್ತು, ರಿಫಂಡ್ ಬಾಕಿ 7,600, ಪರಿಹಾರ 10,240, ಮೇಲ್ಖರ್ಚು 17,720, ಸೇರಿ 35,560 ರೂಪಾಯಿ. ಮಾನಸಿಕ ಯಾತನೆ ಅಂತ ಲಕ್ಷಗಟ್ಟಲೆ ಬರೆದಿಲ್ಲ. ಆ ರಾತ್ರಿ ಶಿರಾದಿಂದ ದೇವನಹಳ್ಳಿವರೆಗೆ ಮಗಳು ಒಂದು ಮಾತೂ ಆಡದೆ ಕಿಟಕಿ ಕಡೆ ಮುಖ ಮಾಡ್ಕೊಂಡು ಕೂತಿದ್ಲು, ಅದಕ್ಕೆ ಎಷ್ಟು ರೂಪಾಯಿ ಅಂತ ಹಾಕೋಕೆ ನನಗೆ ಬರಲ್ಲ.

ನಿಮ್ಮ ಕೊನೇ ಇಮೇಲಲ್ಲಿ ಯಾವುದೇ ವ್ಯಾಜ್ಯ ದೆಹಲಿ ನ್ಯಾಯಾಲಯದ ವ್ಯಾಪ್ತಿಗೆ ಮಾತ್ರ ಬರುತ್ತೆ ಅಂತ ಟಿಕೆಟಿನ ಷರತ್ತು ತೋರಿಸಿದೀರಿ. ಅದನ್ನ ಓದಿ ಮೊದಲು ನಾನೂ ಸುಮ್ಮನಾಗಿಬಿಟ್ಟಿದ್ದೆ, 35 ಸಾವಿರಕ್ಕೆ ದೆಹಲಿಗೆ ಯಾರು ಅಲೀತಾರೆ ಅಂತ. ಆಮೇಲೆ ಪರಿಚಯದ ವಕೀಲರು 2019ರ ಕಾಯ್ದೆಯ 34ನೇ ಸೆಕ್ಷನ್ ತೆಗೆದು ಓದಿಸಿದ್ರು, ದೂರು ಕೊಡೋರು ವಾಸ ಮಾಡೋ ಅಥವಾ ದುಡಿಯೋ ಜಾಗದ ಜಿಲ್ಲಾ ಆಯೋಗದಲ್ಲೇ ದೂರು ಹಾಕಬಹುದು ಅಂತ ಸ್ಪಷ್ಟವಾಗಿದೆ. ನನಗೆ ಅದು ದಾವಣಗೆರೆ, ದುರ್ಗದವರಿಗೆ ಚಿತ್ರದುರ್ಗ. ಟಿಕೆಟ್ ಎಲ್ಲಿಂದ, ಆಫೀಸ್ ಎಲ್ಲಿ ಅನ್ನೋದು ಅಡ್ಡ ಬರಲ್ಲ. ಕೊಟ್ಟಿರೋ ಹಣ 5 ಲಕ್ಷದೊಳಗಿದ್ರೆ ಫೀಸ್ ಇಲ್ಲ, ಘಟನೆ ಆಗಿ ಎರಡು ವರ್ಷದೊಳಗೆ ಹಾಕಬೇಕು, ವಕೀಲರು ಇರಲೇಬೇಕು ಅಂತಾನೂ ಇಲ್ಲ, ಆನ್‌ಲೈನಲ್ಲೂ ಹಾಕಬಹುದು. ಅದಕ್ಕೂ ಮುಂಚೆ ಕೇಂದ್ರದ ಏರ್‌ಸೇವಾ ಪೋರ್ಟಲಲ್ಲಿ ದೂರು ಹಾಕಿದೀನಿ, ಅಲ್ಲಿ ನೀವು "ಗ್ರಾಹಕರಿಗೆ ಉತ್ತರಿಸಲಾಗಿದೆ" ಅಂತ ಬರೆದು ಮುಚ್ಚಿಸಿದ್ರಿ, ಈ ಲೆಕ್ಕ ಹಾಕಿ ಅದನ್ನ ಮತ್ತೆ ತೆರೆಸಿದೀನಿ. 1915 ಗ್ರಾಹಕ ಸಹಾಯವಾಣೀಲೂ ದಾಖಲಾಗಿದೆ.

ಈ ಪತ್ರದ ಜೊತೆ ಇಮೇಲಲ್ಲಿ ಏಳು ಕಾಗದ ಇದೆ: ಬೇಸ್ ಫೇರ್ ಕಾಣೋ ಟಿಕೆಟು, 1.38ರ ಮೆಸೇಜು, ರದ್ದಾದ ಸರ್ಟಿಫಿಕೇಟು, 5.06ರ ಸ್ಕ್ರೀನ್‌ಶಾಟು, ಬೇರೆ ಟಿಕೆಟಿನ ಬಿಲ್ಲು ಮತ್ತೆ ಆ ಹೊತ್ತಿನ ರೇಟುಗಳ ಲಿಸ್ಟು, ಮೆಟಾರ್ ವರದಿ, ಸಣ್ಣ ಖರ್ಚಿನ ರಸೀದಿಗಳು. ಇವತ್ತಿಂದ 15 ದಿನ ಕಾಯ್ತೀನಿ. ಮೂರು ಮೊತ್ತಕ್ಕೂ ಬೇರೆ ಬೇರೆ ಉತ್ತರ ಕೊಡಿ, ಯಾವುದು ಕೊಡ್ತೀರಿ, ಯಾವುದು ಇಲ್ಲ, ಇಲ್ಲ ಅಂದ್ರೆ ಯಾವ ನಿಯಮದ ಪ್ರಕಾರ ಇಲ್ಲ ಅಂತ. ಫೋನ್ ಮಾಡಬೇಡಿ, ಇಮೇಲಲ್ಲೇ ಬರೀರಿ. ಹದಿನಾರನೇ ದಿನ ಈ ಏಳೂ ಕಾಗದ ದಾವಣಗೆರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೆ, ದೂರಿನ ಪ್ರತಿ ಟೈಪ್ ಮಾಡಿಸಿ ಸಹಿ ಹಾಕಿ ಇಟ್ಟಿದೀನಿ, ತಾರೀಖು ಮಾತ್ರ ಬಾಕಿ.

ಇಂತಿ,
ನಿಮ್ಮ ಒಬ್ಬ ಪ್ರಯಾಣಿಕ,
ಮಂಡಿಪೇಟೆ, ದಾವಣಗೆರೆ